‘ನಾಳೆ’ ಎಂದರೆ ಎಂದು?

ಜನವರಿಯ ಒಂದು ಗುರುವಾರ ರಾತ್ರಿ ನಮ್ಮ ಶಾಖೆಯ ನೌಕರನೊಬ್ಬನಿಂದ ನನ್ನ ವಾಟ್ಸಾಪಿಗೆ ಬಂದ ರಜೆ ಅರ್ಜಿಯ ಪೂರ್ಣ ಪಾಠ ಇದು: “ಅಕ್ಕಾ, ನಾಳೆ ಬತ್ನಿಲ್ಲೆ. ಕೊನೆಕೊಯ್ಲು ಇದ್ದು. ಸೋಮವಾರ ಸಿಗ್ತಿ.” ಕೊನೆಕೊಯ್ಲು ಎಂದರೆ ಅಡಿಕೆ ಕೊಯ್ಲು. ಕೆಳಗೆ ಕೈಮುಗಿದ ಎರಡು ಚಿತ್ರಗಳು. ಇದನ್ನು ಬೆಂಗಳೂರಿನ ಎಚ್‌ಆರ್ ವಿಭಾಗ ಒಪ್ಪುವ ಅರ್ಜಿಯಾಗಿ ಬರೆದು, ಆತನ ಸಹಿ ಹಾಕಿಸಿ ಕಳುಹಿಸುವುದು ಶಿರಸಿ ಶಾಖೆಯಲ್ಲಿ ಕುಳಿತ ನನ್ನ ಕೆಲಸ. ಇಂತಹವನ್ನು ವರ್ಷಗಟ್ಟಲೆ ಬರೆದಿರುವ ನನಗೆ ಇಂದಿಗೂ ಸಿಟ್ಟು ಬರುವುದು ‘ನಾಳೆ’ ಎಂಬ ಒಂದೇ ಪದದ ಮೇಲೆ.

ಸಂದೇಶ ಬಂದದ್ದು ರಾತ್ರಿ 12.14ಕ್ಕೆ. ಬರೆದವನಿಗೆ ಅದಿನ್ನೂ ಗುರುವಾರವೇ, ಏಕೆಂದರೆ ಅವನು ಮಲಗಿರಲಿಲ್ಲ. ಆದರೆ ಮೊಬೈಲಿನ ಲೆಕ್ಕದಲ್ಲಿ ಆಗಲೇ 9ನೇ ತಾರೀಖು, ಶುಕ್ರವಾರ. ಹಾಗಾದರೆ ‘ನಾಳೆ’ ಎಂದರೆ 9 ಅಥವಾ 10? ಎಚ್‌ಆರ್‌ನವರು ಸಂದೇಶದ ಚಿತ್ರ ನೋಡಿ 10 ಎಂದು ಓದಿದರೆ, ಶುಕ್ರವಾರ ಆತ ಹೇಳದೆ ಕೇಳದೆ ಗೈರಾದ ಎಂದು ದಾಖಲಾಗಿ ಒಂದು ದಿನದ ಸಂಬಳ ಹೋಗುತ್ತದೆ. ಎರಡು ಅಂಕಿ ಬರೆಯುವ ಸೋಮಾರಿತನಕ್ಕೆ ಇಷ್ಟು ದಂಡ! ಫೋನ್ ಮಾಡಿ ಕೇಳಿದಾಗ, “ಶುಕ್ರವಾರ, ಶನಿವಾರ ಎರಡೂ, ಗೊತ್ತಾಗ್ತಿಲ್ಯಾ ಅಕ್ಕಾ?” ಎಂದು ಮರುಪ್ರಶ್ನೆ ಬಂತು. ಗೊತ್ತಾಗುವುದಿಲ್ಲ, ತಮ್ಮಾ.

ಮುಂದಿನದು ಯಾವ ರಜೆ ಎಂಬುದು. ಆತನ ಖಾತೆಯಲ್ಲಿ ಸಾಂದರ್ಭಿಕ ರಜೆ ಉಳಿದಿದ್ದುದು ಒಂದೇ ದಿನ, ಬೇಕಾದದ್ದು ಎರಡು ದಿನ. ಸಾಂದರ್ಭಿಕ ರಜೆಗೆ ಗಳಿಕೆ ರಜೆಯನ್ನು ಅಂಟಿಸಲು ನಮ್ಮ ಕಂಪನಿಯ ನಿಯಮ ಬಿಡುವುದಿಲ್ಲ. ಆದ್ದರಿಂದ ಎರಡನ್ನೂ ಗಳಿಕೆ ರಜೆಯಲ್ಲೇ ಕಳೆಯಬೇಕು. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಲೆಕ್ಕದಲ್ಲಿ 20 ದಿನ ದುಡಿದರೆ ಒಂದು ದಿನದ ಗಳಿಕೆ ರಜೆ; ಅಂದರೆ ಈ ಕೊಯ್ಲಿಗೆ ಆತ ತೆತ್ತದ್ದು 40 ದಿನಗಳ ದುಡಿಮೆಯ ಫಲ. ಇದನ್ನು ಅವನನ್ನು ಕೇಳದೆ ನಾನೇ ತೀರ್ಮಾನಿಸುವಂತಿಲ್ಲ.

ಕಾರಣದ ವಿಷಯದಲ್ಲಿ ನಾನೊಂದು ತಪ್ಪೊಪ್ಪಿಕೊಳ್ಳಬೇಕು. ಬಹಳ ಹಿಂದೆ, ಅಡಿಕೆ ಕೊಯ್ಲು ಎಂದರೆ ಬೆಂಗಳೂರಿನವರು ನಕ್ಕಾರು ಎಂದು ಒಬ್ಬರ ಅರ್ಜಿಯಲ್ಲಿ ‘ಅನಾರೋಗ್ಯದ ನಿಮಿತ್ತ’ ಎಂದು ಬರೆದುಬಿಟ್ಟಿದ್ದೆ. ಅದು ಮೂರು ದಿನದ ರಜೆ. ವೈದ್ಯರ ಪ್ರಮಾಣಪತ್ರ ಎಲ್ಲಿ ಎಂದು ಮರುದಿನವೇ ಪತ್ರ ಬಂತು. ಸುಳ್ಳು ನನ್ನದು, ಉತ್ತರಿಸಬೇಕಾದವರು ಅವರು. ಅಂದಿನಿಂದ ಸಂದೇಶದಲ್ಲಿರುವ ಕಾರಣವನ್ನು ಗ್ರಾಂಥಿಕ ಕನ್ನಡಕ್ಕೆ ತರುತ್ತೇನೆಯೇ ಹೊರತು ಬದಲಿಸುವುದಿಲ್ಲ.

ಕೊನೆಗೆ ಹೋದ ಅರ್ಜಿ ಹೀಗಿತ್ತು: “ಮಾನ್ಯರೇ, ಮನೆಯ ಅಡಿಕೆ ಕೊಯ್ಲಿನ ನಿಮಿತ್ತ ಜನವರಿ 9 ಮತ್ತು 10ರಂದು, ಒಟ್ಟು 2 ದಿನಗಳ ಗಳಿಕೆ ರಜೆಯನ್ನು ಮಂಜೂರು ಮಾಡಬೇಕಾಗಿ ವಿನಂತಿ. 11ರ ಭಾನುವಾರ ವಾರದ ರಜೆಯಾಗಿದ್ದು, 12ರ ಸೋಮವಾರ ಕೆಲಸಕ್ಕೆ ಹಾಜರಾಗಿದ್ದೇನೆ. ಅಡಿಕೆ ಕೊನೆ ಇಳಿಸುವ ಕೊನೆಗೌಡರು ಬರುವ ದಿನ ಹಿಂದಿನ ರಾತ್ರಿಯಷ್ಟೇ ಖಚಿತವಾದುದರಿಂದ ಮುಂಚಿತವಾಗಿ ಅರ್ಜಿ ಸಲ್ಲಿಸಲಾಗಲಿಲ್ಲ. 8ರ ಮಧ್ಯರಾತ್ರಿ ಕಳೆದು, 9ರ 12.14ಕ್ಕೆ ಮೊಬೈಲ್ ಸಂದೇಶದ ಮೂಲಕ ತಿಳಿಸಿರುತ್ತೇನೆ. ನನ್ನ ಗೈರುಹಾಜರಿಯಲ್ಲಿ ದಾಸ್ತಾನು ಪುಸ್ತಕವನ್ನು ಉಗ್ರಾಣದ ಸಹೋದ್ಯೋಗಿ ನೋಡಿಕೊಂಡಿದ್ದಾರೆ.” ಆತ ಬಂದು ಸಹಿ ಹಾಕಿದ ದಿನದಂತೆ ಅರ್ಜಿಯ ತಾರೀಖು 12 ಎಂದೇ ಹಾಕಿಸಿದೆ. 8 ಎಂದು ಹಿಂದಕ್ಕೆ ಹಾಕೋಣವೆಂದು ಆತ ಸೂಚಿಸಿದ್ದ, ಆದರೆ ಸಂದೇಶದ ಸಮಯವೇ ಅದನ್ನು ಸುಳ್ಳು ಮಾಡುತ್ತಿತ್ತು. ಭಾನುವಾರದ ಮಾತನ್ನೂ ಸುಮ್ಮನೆ ಸೇರಿಸಿದ್ದಲ್ಲ: ಆತ ಸೋಮವಾರವೂ ಬಾರದೇ ಇದ್ದಿದ್ದರೆ ನಡುವಿನ ಭಾನುವಾರವನ್ನೂ ನಮ್ಮಲ್ಲಿ ರಜೆಗೇ ಹಿಡಿಯುತ್ತಿದ್ದರು.

ಕೊನೆಗೌಡ ಸಿಕ್ಕ ದಿನವೇ ಕೊಯ್ಲು, ಮುಂಚೆ ಹೇಗೆ ಅರ್ಜಿ ಕೊಡುವುದು ಎಂದು ಕೇಳುವವರಿದ್ದಾರೆ. ಸರಿಯೇ, ನನ್ನ ತವರಿನಲ್ಲೂ ತೋಟವಿದೆ, ಆತನ ದಾರಿ ಕಾಯುವುದೇನೆಂದು ನನಗೂ ಗೊತ್ತು. ಮುಂಚೆ ಕೊಡಿ ಎಂದು ನಾನು ಹೇಳಿಲ್ಲ. ರಾತ್ರಿ ಹನ್ನೆರಡಕ್ಕೇ ಕಳಿಸಿ, ಕೈಮುಗಿದ ಚಿತ್ರಗಳನ್ನು ಬೇಕಾದರೆ ನಾಲ್ಕು ಹಾಕಿ, ಆದರೆ ‘ನಾಳೆ’ಯ ಜಾಗದಲ್ಲಿ ‘9, 10’ ಎಂದು ಒತ್ತಿ. ಕೊನೆಗೌಡನಿಗೆ ದಿನ ಹೇಳುವಾಗ ತಾರೀಖು, ವಾರ, ಬೆಳಗಿನ ಹೊತ್ತು ಎಲ್ಲವನ್ನೂ ಮೂರು ಸಲ ಹೇಳಿ ಖಚಿತ ಮಾಡಿಕೊಳ್ಳುವವರು ನೀವೇ ಅಲ್ಲವೇ?