ಇವತ್ತೇ ಕೊನೆಯಂತೆ!

ದಾವಣಗೆರೆ ಮಂಡಿಪೇಟೆಯ ಸೀರೆ ಅಂಗಡಿಗಳಿಗೆ ವಾಟ್ಸಾಪ್ ಪೋಸ್ಟ್ ಮಾಡಿಕೊಡೋದು ನನ್ನ ಕೆಲಸ. ವರ್ಷದಿಂದ 1,200ಕ್ಕೇ ಮಾರಿದ ಸೀರೆಗೆ '2,400' ಅಂತ ಬರೆದು ಗೀಟು ಹಾಕಿ, 'ಅರ್ಧ ಬೆಲೆ' ಅನ್ನು ಅಂತಾರೆ. ಯಾವತ್ತೂ 2,400ಕ್ಕೆ ಒಂದು ಸೀರೆನೂ ಮಾರಿಲ್ಲವಲ್ಲಣ್ಣ, ಇನ್ನೆಲ್ಲಿಯ ರಿಯಾಯಿತಿ? 'ಇವತ್ತೇ ಕೊನೆ' ಅನ್ನೋದು ಮೂರು ವಾರದಿಂದ ಹಾಗೇ ಇದೆ. ದುಡ್ಡು ಕಳಿಸೋ ಹೊತ್ತಿಗೆ ಕೊರಿಯರ್ 90, ಪ್ಯಾಕಿಂಗ್ 40 ಸೇರಿ 1,330 ಆಗುತ್ತೆ. ಪಾಪ, ಹಳ್ಳಿ ಅಕ್ಕಂದಿರು 1,200 ಎಣಿಸಿಟ್ಟುಕೊಂಡಿರ್ತಾರೆ. ಇಂಥ ಸುಳ್ಳು ಅವಸರ, ಕೊನೆಗೆ ಸೇರಿಸೋ ಖರ್ಚು ಎರಡನ್ನೂ ಕೇಂದ್ರ ಸರ್ಕಾರದ 2023ರ 'ಡಾರ್ಕ್ ಪ್ಯಾಟರ್ನ್', ಅಂದ್ರೆ ಗಿರಾಕಿನ ಯಾಮಾರಿಸೋ ತಂತ್ರಗಳ ಮೇಲಿನ ಮಾರ್ಗಸೂಚಿ ನಿಷೇಧಿಸಿದೆ. 'ಸೀರೆ 1,200, ಕೊರಿಯರ್, ಪ್ಯಾಕಿಂಗ್ ಸೇರಿ 1,330, ಹನ್ನೆರಡೇ ಉಳಿದಿವೆ' ಅಂತ ನಿಜ ಬರೆದರೆ 'ಇದಕ್ಕೆ ಯಾರು ಬರ್ತಾರೆ' ಅಂತ ನನ್ನ ಮೇಲೇ ರೇಗ್ತಾರೆ. ಸುಳ್ಳು ಲೆಕ್ಕ ನನ್ನ ಕೈಯಲ್ಲಿ ಬರೆಸಬೇಡಿ.