ಕೊಡಗಿನ ಮನೆಗೆ ಹೆಂಚಿನ ಫಿಲ್ಲರ್ ಸ್ಲ್ಯಾಬ್ ಹೊಂದುವುದೇ?

ಪರ

ಗೋಡೆಗಳ ಮೇಲೆ ಕೂತ ಸ್ಲ್ಯಾಬ್ ಭಾರಕ್ಕೆ ಬಾಗುವಾಗ ಅದರ ಮೇಲ್ಭಾಗ ಒತ್ತಡಕ್ಕೂ ಕೆಳಭಾಗ ಎಳೆತಕ್ಕೂ ಒಳಗಾಗುತ್ತದೆ. ಕಾಂಕ್ರೀಟು ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಎಳೆತಕ್ಕೆ ಬೇಗ ಬಿರಿಯುತ್ತದೆ. ಆದ್ದರಿಂದ ಕೆಳಗಿನ ಎಳೆತವನ್ನು ಹೊರುವುದು ಕಂಬಿಯೇ. ಅಲ್ಲಿನ ಕಾಂಕ್ರೀಟಿನ ಒಂದು ಪಾಲನ್ನು ತೆಗೆದು ಹೆಂಚನ್ನೋ ಮಣ್ಣಿನ ಮಡಕೆಯನ್ನೋ ಇಡಬಹುದೆಂಬುದು ಫಿಲ್ಲರ್ ಸ್ಲ್ಯಾಬಿನ ತರ್ಕ. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಇದನ್ನು ಜನಪ್ರಿಯಗೊಳಿಸಿದರು.

ವಿರಾಜಪೇಟೆಯ ಕಡೆ 12 ಅಡಿಗೆ 10 ಅಡಿಯ ಒಂದು ಕೋಣೆಗೆ 5 ಇಂಚಿನ ಸ್ಲ್ಯಾಬ್ ಹಾಕುವುದಾದರೆ 50 ಘನ ಅಡಿ ಕಾಂಕ್ರೀಟು ಬೇಕು. ಎರಡೆರಡು ಮಂಗಳೂರು ಹೆಂಚುಗಳನ್ನು ಮುಖಕ್ಕೆ ಮುಖ ಸೇರಿಸಿದರೆ ಸುಮಾರು 3 ಇಂಚು ದಪ್ಪದ ಜೋಡಿಯಾಗುತ್ತದೆ. ಜೋಡಿಗಳ ನಡುವೆ ಕಂಬಿ ಹಾಯಲು 4 ಇಂಚು ಜಾಗವನ್ನೂ ಗೋಡೆಯ ಅಂಚಿನಲ್ಲಿ ಗಟ್ಟಿ ಪಟ್ಟಿಯನ್ನೂ ಬಿಟ್ಟರೆ 48 ಜೋಡಿಗಳು ಕೂರುತ್ತವೆ, ಅವುಗಳ ಮೇಲೆ 2 ಇಂಚು ಕಾಂಕ್ರೀಟು ಉಳಿಯುತ್ತದೆ. ಉಳಿತಾಯ ಸುಮಾರು 12 ಘನ ಅಡಿ, ಅಂದರೆ ಒಟ್ಟಿನ ಕಾಲು ಭಾಗ. ಹೆಂಚಿನ ತೂಕವನ್ನು ಕಳೆದರೂ ಗೋಡೆಯ ಮೇಲಿನ ಹೊರೆ ಸುಮಾರು 600 ಕಿಲೋ ಇಳಿಯುತ್ತದೆ. ಮಾಡಿಗೆ ಶೀಟು ಹಾಕಿಸಿದವರ ಹಿತ್ತಲಲ್ಲಿ ಪೇರಿಸಿಟ್ಟ ಹಳೆಯ ಹೆಂಚುಗಳು ಇದಕ್ಕೆ ಸಾಕು. ಬಿರುಕು ಬಿಡದಿದ್ದರೆ ಸರಿ, ಪಾಚಿ ಹಿಡಿದವನ್ನು ಉಜ್ಜಿ ತೊಳೆದರಾಯಿತು.

ವಿರೋಧ

ಕಾಂಕ್ರೀಟಿನ ಲೆಕ್ಕವನ್ನು ಒಪ್ಪೋಣ. ಇಂಥ ಸ್ಲ್ಯಾಬ್ ಮನೆಯನ್ನು ತಂಪಾಗಿಡುತ್ತದೆಂಬ ಮಾತನ್ನು ಮಾತ್ರ ಒಪ್ಪಲಾಗದು. ಹೆಂಚುಗಳ ನಡುವೆ ಸಿಕ್ಕಿಕೊಂಡ ಗಾಳಿ ಶಾಖವನ್ನು ತಡೆಯುವುದು ನಿಜ. ಆದರೆ ಮೇಲೆ ಹೇಳಿದ ಕೋಣೆಯಲ್ಲಿ ಹೆಂಚು ಆವರಿಸುವುದು ಸ್ಲ್ಯಾಬಿನ ನೂರರಲ್ಲಿ 42 ಪಾಲನ್ನಷ್ಟೇ. ಉಳಿದ 58 ಪಾಲು ಗಟ್ಟಿ ಕಾಂಕ್ರೀಟು, ಶಾಖ ಅಲ್ಲಿಂದ ಮೊದಲಿನಂತೆಯೇ ಇಳಿಯುತ್ತದೆ. ಎರಡನ್ನೂ ಕೂಡಿಸಿ ಲೆಕ್ಕ ಹಾಕಿದರೆ ಒಳಬರುವ ಶಾಖ ಹೆಚ್ಚೆಂದರೆ ಏಳರಲ್ಲೊಂದು ಪಾಲು ಕಡಿಮೆಯಾದೀತು. ಏಪ್ರಿಲಿನ ಬಿಸಿಲಿಗೆ ಸ್ಲ್ಯಾಬಿನ ಮೇಲೊಂದು ಇಳಿಜಾರು ಮಾಡು ಕಟ್ಟಿದರೆ ಸಿಗುವ ನೆರಳು ಇದಕ್ಕಿಂತ ಬಹಳ ಹೆಚ್ಚು ಕೆಲಸ ಮಾಡುತ್ತದೆ.

ನಮ್ಮ ಮಳೆಗಾಲವಂತೂ ಇನ್ನೂ ದೊಡ್ಡ ತೊಡಕು. ಬಯಲಿಗೆ ಬಿಟ್ಟ ಸ್ಲ್ಯಾಬಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ನೀರು ಹೆಂಚಿನ ಪೊಳ್ಳಿಗೆ ಇಳಿದು ಅಲ್ಲೇ ನಿಲ್ಲುತ್ತದೆ. ಗಟ್ಟಿ ಸ್ಲ್ಯಾಬಿನಲ್ಲಿ ಸೋರುವ ಜಾಗವನ್ನು ಹುಡುಕುವುದೇ ಕಷ್ಟ. ಇಲ್ಲಿ ನೀರು ಒಂದು ಪೊಳ್ಳು ತುಂಬಿ ಪಕ್ಕದಲ್ಲೆಲ್ಲೋ ತೊಟ್ಟಿಕ್ಕುವುದರಿಂದ ಹುಡುಕಾಟ ಇನ್ನೂ ಹೆಚ್ಚು. ಮಳೆ ನಿಂತು ವಾರಗಳಾದರೂ ಒಂದೆರಡು ಹೆಂಚುಗಳು ಮಾತ್ರ ಕಪ್ಪಾಗಿಯೇ ಇದ್ದರೆ ಒಳಗೆ ನೀರಿದೆಯೆಂದು ತಿಳಿಯಬೇಕು.

ಕೆಲಸದಲ್ಲಿ ಅವಸರಕ್ಕೆ ಎಡೆಯೂ ಇಲ್ಲ. ಒಣ ಹೆಂಚು ಕಾಂಕ್ರೀಟಿನ ನೀರನ್ನು ಹೀರುವುದರಿಂದ ಅದನ್ನು ಮೊದಲೇ ನೆನೆಸಿಡಬೇಕು, ಜೋಡಿಯ ಅಂಚುಗಳನ್ನು ಗಾರೆಯಿಂದ ಮುಚ್ಚಬೇಕು, 4 ಇಂಚಿನ ಸಂದಿಗೆ ಸಣ್ಣ ಜಲ್ಲಿ ಹಾಕಿ ಚೆನ್ನಾಗಿ ಕುಟ್ಟಬೇಕು. ಸೆಂಟ್ರಿಂಗ್ ಬಿಚ್ಚಿದಾಗ ಸಂದಿಯಲ್ಲಿ ಜೇನುಗೂಡಿನಂಥ ತೂತುಗಳು ಕಂಡರೆ ಕಂಬಿಗೆ ತುಕ್ಕು ಹಿಡಿಯುವುದಕ್ಕೆ ದಾರಿಯಾಯಿತು. ಹೊರಚಾಚಿದ ಬಾಲ್ಕನಿಯಲ್ಲಿ ಎಳೆತ ಮೇಲ್ಭಾಗಕ್ಕೂ ಒತ್ತಡ ಕೆಳಭಾಗಕ್ಕೂ ಬೀಳುವುದರಿಂದ ಅಲ್ಲಿ ಹೆಂಚನ್ನು ತುಂಬಲೇಬಾರದು. ಕೋಣೆಯ ಸಾಲನ್ನೇ ಹೊರಗೂ ಮುಂದುವರಿಸುವ ಮೇಸ್ತ್ರಿಯನ್ನು ಅಲ್ಲಿಯೇ ತಡೆಯಬೇಕು. ಮೇಲೆ ಇಳಿಜಾರು ಮಾಡು ಇರುವ ಮನೆಯ ನಡುಮಹಡಿಗಾದರೆ ನನ್ನ ಆಕ್ಷೇಪವಿಲ್ಲ.