ಅಂಗನವಾಡಿಯಲ್ಲಿ ಕಲಿಕೆಗೆ ಸಿಗುವ ನಿಮಿಷಗಳು

ನನ್ನ ತಂಗಿ ಮಗಳು ಬಿ.ಎಡ್ ಓದುತ್ತಿದ್ದಾಳೆ. "ಅಂಗನವಾಡಿ ಮಕ್ಕಳು ಶಾಲೆಗೆ ತಯಾರಾಗಿದ್ದಾರಾ ಅಂತ ಒಂದು ಸಣ್ಣ ಸಂಶೋಧನಾ ಪ್ರಬಂಧ ಬರೀಬೇಕು ದೊಡ್ಡಮ್ಮ" ಅಂದಳು. ಅವಳ ಪ್ರಶ್ನೆಗಳನ್ನು ನೋಡಿ ನಗು ಬಂತು. ಅ ಆ ಇ ಈ ಬರೆಯುತ್ತಾರಾ, 50ರವರೆಗೆ ಹೇಳುತ್ತಾರಾ, ಇಷ್ಟೇ.

ಒಂದನೇ ಕ್ಲಾಸಿಗೆ ವರ್ಷಗಟ್ಟಲೆ ಪಾಠ ಮಾಡಿದವಳು ನಾನು. 50ರವರೆಗೆ ಒಪ್ಪಿಸುವ ಮಗುವಿನ ಮುಂದೆ ಐದು ಅಡಿಕೆ ದೂರದೂರ ಇಡಿ, ಪಕ್ಕದಲ್ಲಿ ಆರು ಅಡಿಕೆ ಒತ್ತೊತ್ತಾಗಿ ಇಡಿ. ಯಾವ ಸಾಲಲ್ಲಿ ಜಾಸ್ತಿ ಅಂತ ಕೇಳಿ. ಎಷ್ಟೋ ಮಕ್ಕಳು ಉದ್ದ ಸಾಲನ್ನೇ ತೋರಿಸುತ್ತಾರೆ. ಮರ, ಮನೆ, ಕಲ್ಲು ಇದರಲ್ಲಿ ಯಾವ ಎರಡು ಒಂದೇ ಥರ ಶುರುವಾಗುತ್ತವೆ? "ಚೀಲ ತಗೊಂಡು ಬಾಗಿಲ ಹತ್ರ ಇಡು" ಅಂದರೆ ಎರಡೂ ಕೆಲಸ ಮಾಡುತ್ತದಾ? ತಯಾರಿ ಅಂದರೆ ಇವು. ಅಕ್ಷರ ತಿದ್ದಿಸುವುದನ್ನೇ ಪಾಠ ಅನ್ನುವ ಪೇಟೆಯ ಎಲ್‌ಕೆಜಿಗಳ ಮೇಲೂ ನನಗೆ ಇದೇ ಸಿಟ್ಟು.

ಪ್ರಶ್ನೆ ಬದಲಾಯಿಸಿಕೊಂಡು ಅವಳು ಹೊಸನಗರ ಕಡೆಯ ಒಂದು ಮಿನಿ ಅಂಗನವಾಡಿಗೆ ಹೋದಳು. ನಮ್ಮಲ್ಲಿ ತೋಟಕ್ಕೊಂದು ಮನೆ ಅಲ್ವಾ? ಗುಡ್ಡಗಾಡಿನಲ್ಲಿ 150ರಿಂದ 300 ಜನ ಇರುವ ಕಡೆಗೆ ಅಂತ ಮಾಡಿದ ಕೇಂದ್ರ ಇದು. ಟೀಚರ್ ಒಬ್ಬರೇ, ಸಹಾಯಕಿ ಇಲ್ಲ. ಮೂರು ದಿನ ಗಡಿಯಾರ ನೋಡುತ್ತಾ ಕೂತು, ಅವರು ಏನು ಮಾಡುತ್ತಿದ್ದಾರೆ ಅಂತ ಐದೈದು ನಿಮಿಷಕ್ಕೆ ಬರೆದುಕೊಂಡಳು. ಅಡುಗೆ, ಬಡಿಸುವುದು, ಪಾತ್ರೆ, ತೂಕ, ರಿಜಿಸ್ಟರ್, ಮೊಬೈಲಿನಲ್ಲಿ ಪೋಷಣ್ ಟ್ರ್ಯಾಕರ್ ಆ್ಯಪ್ ತುಂಬುವುದು, ಬಾಣಂತಿ ಮನೆ ಭೇಟಿ. ಹಾಡು, ಕಥೆ, ಆಟಕ್ಕೆ ಮೂರರಲ್ಲಿ ಒಂದು ದಿನವೂ ಒಂದು ಗಂಟೆ ಉಳಿಯಲಿಲ್ಲ. ಅಂಗನವಾಡಿ ಕಲಿಕೆಯ 'ಚಿಲಿಪಿಲಿ' ಪುಸ್ತಕ ಅಲ್ಲೇ ಇತ್ತು. ತೆಗೆಯಲು ಕೈ ಖಾಲಿ ಇರಬೇಕಲ್ಲ!

ಟೀಚರ್‌ಗೆ ಇನ್ನಷ್ಟು ತರಬೇತಿ ಕೊಡಿ ಅಂತ ಬರೆಯಲು ಹೊರಟಿದ್ದಳು, ತಡೆದೆ. ತಮಿಳುನಾಡಿನಲ್ಲಿ ಅರ್ಥಶಾಸ್ತ್ರಜ್ಞ ಕಾರ್ತಿಕ್ ಮುರಳೀಧರನ್ ಮತ್ತಿಬ್ಬರು 320 ಅಂಗನವಾಡಿಗಳಲ್ಲಿ ಒಂದು ಪ್ರಯೋಗ ಮಾಡಿದ್ದರು. ಲಾಟರಿ ಎತ್ತಿ ಅರ್ಧದಷ್ಟು ಕಡೆ, ಬರೀ ಕಲಿಕೆಗೆ ಅಂತ ಅರ್ಧ ದಿನದ ಇನ್ನೊಬ್ಬ ಕಾರ್ಯಕರ್ತೆಯನ್ನು ಕೊಟ್ಟರು. ಕಲಿಕೆಯ ಸಮಯ ದುಪ್ಪಟ್ಟಾಯಿತು. 18 ತಿಂಗಳಲ್ಲಿ ಮಕ್ಕಳು ಲೆಕ್ಕ, ಭಾಷೆ ಎರಡರಲ್ಲೂ ಮುಂದೆ ಬಂದರು. ಹಳೆಯ ಕಾರ್ಯಕರ್ತೆಗೆ ಆರೋಗ್ಯ, ಪೋಷಣೆಗೆ ಹೊತ್ತು ಸಿಕ್ಕಿತು. ಹಾಗಾಗಿ ವಯಸ್ಸಿಗೆ ತಕ್ಕ ಎತ್ತರ ಇಲ್ಲದ ಮಕ್ಕಳೂ ಕಡಿಮೆಯಾದರು.

ಈಗ ಅವಳಿಗೆ ಪೇಟೆಯ ಎಲ್‌ಕೆಜಿ ಮಕ್ಕಳ ಜೊತೆ ಹೋಲಿಸುವ ಆಸೆ. ಬೇಡ ಅಂದೆ. ಫೀಸು ಕಟ್ಟುವ ಮನೆ ಬೇರೆ, ಕೂಲಿಗೆ ಹೋಗುವ ಮನೆ ಬೇರೆ. ವ್ಯತ್ಯಾಸ ಕಂಡರೂ ಅದು ಶಾಲೆಯದೋ ಮನೆಯದೋ ಹೇಳಲಾಗದು. ಅದಕ್ಕೇ ಅಲ್ಲವಾ ತಮಿಳುನಾಡಿನ ಪ್ರಯೋಗದಲ್ಲಿ ಲಾಟರಿ ಎತ್ತಿದ್ದು? ಇನ್ನೊಂದು, ಅವಳು ಹೋಗಿದ್ದು ಫೆಬ್ರವರಿಯಲ್ಲಿ. ಜುಲೈನಲ್ಲಿ ಹಳ್ಳ ತುಂಬಿದರೆ ಆಚೆ ದಡದ ಮಕ್ಕಳು ಬರುವುದೇ ಇಲ್ಲ. ಜುಲೈಯಲ್ಲಿ ಮತ್ತೆ ಮೂರು ದಿನ ಕೂತು ಬಾ ಅಂದಿದ್ದೇನೆ. "ಜಿಗಣೆ ದೊಡ್ಡಮ್ಮ!" ಅಂತ ಗೊಣಗುತ್ತಿದ್ದಾಳೆ.